ಗೆಳೆಯನಿಗೊಂದು ಪುಟ್ಟ ಪತ್ರ: ಮೂರನೇ ತರಗತಿಯ ಪಾಠದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂರನೇ ತರಗತಿಯ ಮಕ್ಕಳಿಗೆ ಚೌಕಟ್ಟು ಕೊಟ್ಟು ಪತ್ರ ಬರೆಸುವ ಶಿಕ್ಷಕರೂ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವ ಪೋಷಕರೂ ಕೇಳುವ ಪ್ರಶ್ನೆಗಳಿವು. ಪತ್ರಲೇಖನದ ಎಲ್ಲ ಬಗೆಗಳನ್ನು ಇಲ್ಲಿ ತೆಗೆದುಕೊಂಡಿಲ್ಲ. ಗೆಳೆಯನಿಗೋ ಗೆಳತಿಗೋ ಬರೆಯುವ ಒಂದೇ ಒಂದು ಸಣ್ಣ ಪತ್ರ, ಅದನ್ನು ಕಲಿಸುವ ಬಗೆ, ಅಷ್ಟೇ.

ಈ ವಯಸ್ಸಿನ ಮಗುವಿನಿಂದ ಎಷ್ಟು ಉದ್ದದ ಪತ್ರ ನಿರೀಕ್ಷಿಸಬಹುದು?

ಆರು ವಾಕ್ಯಗಳು. ಹೆಚ್ಚೆಂದರೆ ಎಂಟು. ಎಂಟು ಒಂಬತ್ತು ವರ್ಷದ ಮಗುವಿಗೆ ಬಾಯಲ್ಲಿ ಹೇಳುವುದು ಬೇಕಾದಷ್ಟಿರುತ್ತದೆ, ಆದರೆ ಕೈ ಬಾಯಷ್ಟು ವೇಗವಾಗಿ ಓಡುವುದಿಲ್ಲ. ಒಂದು ಒತ್ತಕ್ಷರದ ಬಳಿ ನಿಂತು ಯೋಚಿಸುವಷ್ಟರಲ್ಲಿ ಹೇಳಬೇಕೆಂದಿದ್ದ ಮುಂದಿನ ಮಾತು ಮರೆತುಹೋಗಿರುತ್ತದೆ. ಆದ್ದರಿಂದ ಒಂದು ಪುಟ ತುಂಬಿಸಿ ಎಂದು ಹೇಳಿದರೆ ಮಕ್ಕಳು ಪುಟವನ್ನು ತುಂಬಿಸುತ್ತಾರೆ, ಪತ್ರವನ್ನು ಬರೆಯುವುದಿಲ್ಲ. ಅಕ್ಷರ ದೊಡ್ಡದಾಗುತ್ತದೆ, ಸಾಲುಗಳ ನಡುವೆ ಅಂತರ ಹೆಚ್ಚುತ್ತದೆ, ‘ತುಂಬಾ ತುಂಬಾ ಖುಷಿ ಆಯಿತು’ ಎಂಬ ಸಾಲು ಮೂರು ಸಲ ಬರುತ್ತದೆ.

ಆರು ವಾಕ್ಯಗಳಲ್ಲಿ ಒಂದು ಸುದ್ದಿಯನ್ನು ನೆಟ್ಟಗೆ ಹೇಳಿ ಒಂದು ಪ್ರಶ್ನೆ ಕೇಳಿದ ಮಗು ಈ ಪಾಠವನ್ನು ಕಲಿತಿದೆ ಎಂದೇ ಲೆಕ್ಕ.

ಚೌಕಟ್ಟು ಹೇಗಿರಬೇಕು?

ಸರಳವಾಗಿರಬೇಕು, ಮತ್ತು ಒಳಗೆ ಜಾಗವಿರಬೇಕು. ನಾನು ಬಳಸುವುದು ಇಷ್ಟು:

```
                              ದಿನಾಂಕ: ____________

ಪ್ರೀತಿಯ ____________,

      ನಿನಗೆ ಒಂದು ಸುದ್ದಿ ಹೇಳಬೇಕು. __________________
_______________________________________________
_______________________________________________
_______________________________________________

      ನೀನು ________________________________________
_______________________________________________

                              ಇಂತಿ,
                              ನಿನ್ನ ____________
                              ____________________
```

ಮೇಲೆ ದಿನಾಂಕ, ಆಮೇಲೆ ಕರೆಯುವ ಮಾತು, ನಡುವೆ ಸುದ್ದಿ, ಸುದ್ದಿಯ ಕೆಳಗೆ ಗೆಳೆಯನಿಗೊಂದು ಪ್ರಶ್ನೆ, ಕೊನೆಗೆ ಇಂತಿ ಮತ್ತು ಹೆಸರು. ಹೊರಗಿನ ಭಾಗಗಳು ಸಿದ್ಧವಾಗಿವೆ, ಏಕೆಂದರೆ ಅವು ರೂಢಿಯಿಂದ ಬಂದವು, ಮಗು ಅವನ್ನು ಯೋಚಿಸಿ ಕಂಡುಹಿಡಿಯಬೇಕಾಗಿಲ್ಲ. ನಡುವಿನ ಭಾಗಕ್ಕೆ ಮೊದಲ ಮಾತನ್ನಷ್ಟೇ ಕೊಟ್ಟು ಬಿಟ್ಟಿದ್ದೇನೆ. ಅಲ್ಲಿರುವುದೆಲ್ಲ ಮಗುವಿನದೇ ಆಗಿರಬೇಕು.

ಸುದ್ದಿಗೆ ನಾಲ್ಕು ಸಾಲು, ಪ್ರಶ್ನೆಗೆ ಎರಡು ಸಾಲು ಇರುವುದನ್ನು ಗಮನಿಸಿ. ಬಿಟ್ಟ ಜಾಗವೂ ಮಗುವಿಗೆ ಒಂದು ಸೂಚನೆ. ಸುದ್ದಿಗೆ ಒಂದೇ ಸಾಲು ಬಿಟ್ಟರೆ ‘ನಾವು ಊರಿಗೆ ಹೋಗಿದ್ದೆವು’ ಎಂದು ಬರೆದು ಮಗು ಪೆನ್ಸಿಲ್ ಕೆಳಗಿಡುತ್ತದೆ. ಹತ್ತು ಸಾಲು ಬಿಟ್ಟರೆ ನೋಡಿಯೇ ಹೆದರುತ್ತದೆ.

ಬಿಟ್ಟ ಸ್ಥಳ ತುಂಬಿರಿ ಎಂಬ ರೀತಿಯ ಚೌಕಟ್ಟು ಇನ್ನೂ ಸುಲಭವಲ್ಲವೇ?

ನೋಡಲು ಸುಲಭ. ‘ನಾನು ______ ಜೊತೆ ______ ಹೋಗಿದ್ದೆ. ಅಲ್ಲಿ ______ ನೋಡಿದೆ’ ಎಂದು ಕೊಟ್ಟರೆ ಹತ್ತು ನಿಮಿಷದಲ್ಲಿ ಇಡೀ ತರಗತಿಯ ಪತ್ರ ಮುಗಿಯುತ್ತದೆ. ಆದರೆ ಅಲ್ಲಿ ಮಗು ಬರೆಯುವುದು ಮೂರು ಪದ, ಉಳಿದ ವಾಕ್ಯವೆಲ್ಲ ನಮ್ಮದು.

ಕನ್ನಡದಲ್ಲಿ ಈ ರೀತಿಯ ಚೌಕಟ್ಟಿಗೆ ಇನ್ನೊಂದು ತೊಡಕೂ ಇದೆ. ವಾಕ್ಯದ ನಡುವೆ ಬಿಟ್ಟ ಜಾಗಕ್ಕೆ ಬರುವ ಪದ ವಿಭಕ್ತಿ ಪ್ರತ್ಯಯವನ್ನು ಹೊತ್ತುಕೊಂಡೇ ಬರಬೇಕು. ‘ನಾನು ______ ಹೋಗಿದ್ದೆ’ ಎಂಬಲ್ಲಿ ಮಗು ‘ಕೆರೆ’ ಎಂದು ಬರೆಯುತ್ತದೆ. ‘ನಾನು ಕೆರೆ ಹೋಗಿದ್ದೆ’ ಎಂದಾಗುತ್ತದೆ. ಇದೇ ಮಗು ಮಾತಾಡುವಾಗ ‘ಕೆರೆಗೆ ಹೋಗಿದ್ದೆ’ ಎಂದೇ ಹೇಳುತ್ತದೆ. ತಪ್ಪು ಹುಟ್ಟಿದ್ದು ಮಗುವಿನ ತಲೆಯಲ್ಲಲ್ಲ, ನಾವು ಕೊಟ್ಟ ಹಾಳೆಯಲ್ಲಿ. ಖಾಲಿ ಗೆರೆ ಒಂದು ಹೆಸರನ್ನು ಬೇಡಿತು, ಮಗು ಹೆಸರನ್ನೇ ಕೊಟ್ಟಿತು.

ಕ್ರಿಯಾಪದವನ್ನು ಮೊದಲೇ ಅಚ್ಚು ಮಾಡಿಟ್ಟರೂ ಇದೇ ಗತಿ. ‘ಹೋಗಿದ್ದೆ’ ಎಂದು ಹಾಳೆಯಲ್ಲಿದ್ದರೆ ಅಕ್ಕನ ಜೊತೆ ಹೋದ ಮಗು ‘ನಾವು ಹೋಗಿದ್ದೆ’ ಎಂದು ಓದುವ ವಾಕ್ಯವನ್ನು ಕಟ್ಟುತ್ತದೆ. ಆದ್ದರಿಂದ ವಾಕ್ಯದ ತಲೆಯನ್ನು ಕೊಡಿ, ಬಾಲವನ್ನು ಮಗುವಿಗೆ ಬಿಡಿ. ‘ಮೊನ್ನೆ…’, ‘ನಮ್ಮ ಮನೆಯಲ್ಲಿ…’, ‘ನಿನಗೆ ಒಂದು ಸುದ್ದಿ ಹೇಳಬೇಕು…’ ಇಂಥ ಆರಂಭಗಳು ಸಾಕು. ಮುಂದಿನದನ್ನು ಮಗು ತಾನು ಮಾತಾಡುವ ಹಾಗೆಯೇ ಮುಗಿಸುತ್ತದೆ, ಪ್ರತ್ಯಯಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ಸ್ಥಳ, ವಿಳಾಸ, ಲಕೋಟೆ, ಇವೆಲ್ಲ ಬೇಡವೇ?

ಮೊದಲ ಪಾಠದಲ್ಲಿ ಬೇಡ. ದಿನಾಂಕ ಒಂದಿದ್ದರೆ ಸಾಕು. ವಿಳಾಸ ಬರೆಯುವುದು ಬೇರೆಯೇ ಕೌಶಲ. ಅದಕ್ಕೆ ಬೇರೆ ದಿನ, ನಿಜವಾದ ಲಕೋಟೆ ಕೈಯಲ್ಲಿರುವ ದಿನ ತೆಗೆದುಕೊಳ್ಳಿ. ವಿಳಾಸವನ್ನೂ ಇದರಲ್ಲೇ ಸೇರಿಸಿದ ಪಾಠಗಳಲ್ಲಿ ಅರ್ಧ ಅವಧಿ ಮನೆ ಸಂಖ್ಯೆ ಹುಡುಕುವುದರಲ್ಲೇ ಕಳೆಯುತ್ತದೆ, ಸುದ್ದಿ ಬರೆಯುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಪಾಠಕ್ಕೆ ಎಷ್ಟು ಅವಧಿ ಬೇಕು? ಹೇಗೆ ನಡೆಸುವುದು?

ನಲವತ್ತು ನಿಮಿಷದ ಎರಡು ಅವಧಿಗಳು, ಸಾಧ್ಯವಾದರೆ ಬೇರೆ ಬೇರೆ ದಿನ. ನಡುವೆ ಒಂದು ರಾತ್ರಿ ಕಳೆದರೆ ಮಗು ತನ್ನ ಪತ್ರವನ್ನು ಸ್ವಲ್ಪ ಬೇರೆಯವರ ಪತ್ರದ ಹಾಗೆ ನೋಡಬಲ್ಲದು.

ಮೊದಲ ಅವಧಿಯ ಆರಂಭದಲ್ಲಿ ಒಂದು ಪತ್ರವನ್ನು ಗಟ್ಟಿಯಾಗಿ ಓದಿ. ನೀವೇ ಬರೆದ, ಆರು ವಾಕ್ಯದ ಪತ್ರವಾದರೆ ಒಳ್ಳೆಯದು. ಓದಿ ಮುಗಿದ ಮೇಲೆ ‘ಇದರಲ್ಲಿ ಎಷ್ಟು ಭಾಗಗಳಿವೆ?’ ಎಂದು ಕೇಳಬೇಡಿ. ‘ಇದನ್ನು ಯಾರು ಬರೆದರು? ಯಾರಿಗೆ? ಏನಾಯಿತಂತೆ? ಏನು ಕೇಳಿದ್ದಾರೆ?’ ಎಂದು ಕೇಳಿ. ಮಕ್ಕಳು ಉತ್ತರಿಸಿದ ಹಾಗೆಲ್ಲ, ಆ ಉತ್ತರ ಪತ್ರದ ಯಾವ ಜಾಗದಲ್ಲಿದೆ ಎಂದು ಹಲಗೆಯ ಮೇಲೆ ಬೆರಳಿಟ್ಟು ತೋರಿಸಲಿ. ಭಾಗಗಳ ಹೆಸರು ಹೇಳಿಕೊಡುವ ಮೊದಲೇ ಭಾಗಗಳ ಕೆಲಸ ಅವರಿಗೆ ತಿಳಿದಿರುತ್ತದೆ.

ಆಮೇಲೆ ಹಲಗೆಯ ಮೇಲೆ ಎಲ್ಲರೂ ಸೇರಿ ಒಂದು ಪತ್ರ ಕಟ್ಟುವುದು. ಇಲ್ಲಿ ಶಿಕ್ಷಕರು ಬರೆಯುವ ಕೈ ಮಾತ್ರ, ಮಾತು ಮಕ್ಕಳದು. ಇದರಲ್ಲಿ ಒಂದು ಸಣ್ಣ ಉಪಾಯವಿದೆ: ಬರೆಯುವಾಗ ನಿಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ. ‘ನಾಯಿಮರಿ ಬಂತು ಎಂದು ಬರೆದೆ. ನನ್ನ ಗೆಳತಿ ನಾಯಿಮರಿಯನ್ನು ನೋಡಿಲ್ಲವಲ್ಲ, ಅದರ ಬಣ್ಣ ಹೇಳಲೇ, ಬಾಲ ಹೇಗೆ ಅಲ್ಲಾಡಿಸುತ್ತದೆ ಎಂದು ಹೇಳಲೇ?’ ಬರೆಯುವವರು ಓದುವವರನ್ನು ನೆನೆಸಿಕೊಂಡು ಮುಂದಿನ ವಾಕ್ಯವನ್ನು ಆರಿಸಿಕೊಳ್ಳುತ್ತಾರೆ ಎಂಬುದು ಮಕ್ಕಳಿಗೆ ಕಾಣುವುದು ಈ ಗಳಿಗೆಯಲ್ಲೇ. ವಿವರಣೆಯಿಂದ ಇದು ಬರುವುದಿಲ್ಲ.

ಹಲಗೆಯ ಪತ್ರ ಮುಗಿದ ಮೇಲೆ ಮಕ್ಕಳು ಜೋಡಿಯಾಗಿ ಕೂತು ತಮ್ಮ ಸುದ್ದಿಯನ್ನು ಬಾಯಲ್ಲಿ ಹೇಳಿಕೊಳ್ಳಲಿ. ಅದಾದ ಮೇಲೆಯೇ ಚೌಕಟ್ಟಿನ ಹಾಳೆ ಹಂಚಿ, ಉಳಿದ ಹದಿನೈದು ನಿಮಿಷ ಬರೆಯಲು ಬಿಡಿ. ಹಾಳೆಯನ್ನು ಮೊದಲೇ ಹಂಚಿದರೆ ಅರ್ಧ ಮಕ್ಕಳು ನೀವು ಮಾತಾಡುವಾಗಲೇ ದಿನಾಂಕಕ್ಕೆ ಹೂಬಳ್ಳಿ ಬಿಡಿಸುತ್ತಿರುತ್ತಾರೆ.

ಎರಡನೆಯ ಅವಧಿ ಓದುವುದಕ್ಕೆ, ಸೇರಿಸುವುದಕ್ಕೆ, ಒಳ್ಳೆಯ ಹಾಳೆಯಲ್ಲಿ ಮತ್ತೆ ಬರೆಯುವುದಕ್ಕೆ.

ಬಾಯಲ್ಲಿ ಹೇಳಿಸುವುದು ಅಷ್ಟು ಅಗತ್ಯವೇ? ಸಮಯ ಸಾಲುವುದಿಲ್ಲ.

ಬೇರೇನನ್ನಾದರೂ ಬಿಡಿ, ಇದನ್ನು ಬಿಡಬೇಡಿ. ಐದು ನಿಮಿಷದ ಮಾತು ಮುಂದೆ ಹದಿನೈದು ನಿಮಿಷದ ‘ಟೀಚರ್, ಏನು ಬರೆಯಲಿ?’ ಎಂಬ ಪ್ರಶ್ನೆಯನ್ನು ತಪ್ಪಿಸುತ್ತದೆ. ಹೇಳುವ ಮಗು ಹೇಳಲಿ, ಕೇಳುವ ಮಗುವಿಗೆ ಒಂದು ಕೆಲಸ ಕೊಡಿ: ಕೇಳಿದ ಮೇಲೆ ಎರಡು ಪ್ರಶ್ನೆ ಕೇಳಬೇಕು. ‘ಎಲ್ಲಿ ಬಿದ್ದೆ?’, ‘ಆಮೇಲೆ ಅಮ್ಮ ಏನೆಂದರು?’ ಹೀಗೆ. ಈ ಪ್ರಶ್ನೆಗಳ ಉತ್ತರಗಳೇ ಪತ್ರದ ಮೂರನೆಯ, ನಾಲ್ಕನೆಯ ವಾಕ್ಯಗಳಾಗುತ್ತವೆ.

ಜೋಡಿಯ ಮಾತು ದಾರಿ ತಪ್ಪಿದೆಯೇ ಎಂದು ತಿಳಿಯಲು ಓಡಾಡುತ್ತಾ ಒಂದೇ ಒಂದು ಮಾತು ಕೇಳಿದರೆ ಸಾಕು. ಕೇಳಿಸಿಕೊಂಡ ಮಗುವನ್ನು ‘ನಿನ್ನ ಜೊತೆಗಾರನ ಸುದ್ದಿ ಏನು?’ ಎಂದು ವಿಚಾರಿಸಿ. ಅದು ಒಂದು ವಾಕ್ಯದಲ್ಲಿ ಹೇಳಿದರೆ ಸುದ್ದಿ ಸಿದ್ಧವಾಗಿದೆ. ತಡವರಿಸಿದರೆ ಹೇಳಿದ ಮಗುವಿನ ಬಳಿ ಇನ್ನೂ ಸುದ್ದಿ ಇಲ್ಲ, ಅಥವಾ ಐದು ಸುದ್ದಿಗಳು ಒಟ್ಟಿಗೆ ಇವೆ.

ಸುದ್ದಿಯೇ ಇಲ್ಲ ಎನ್ನುವ ಮಗುವಿಗೆ ಏನು ಮಾಡುವುದು?

‘ನಿನ್ನ ಜೀವನದ ಮರೆಯಲಾಗದ ಘಟನೆ’ ಎಂಬಂಥ ವಿಷಯ ಕೊಟ್ಟರೆ ಯಾರ ಬಳಿಯೂ ಇರುವುದಿಲ್ಲ, ದೊಡ್ಡವರ ಬಳಿಯೂ. ಸಣ್ಣದನ್ನು ಕೇಳಿ. ಈ ವಾರ ಏನು ಕಳೆದುಹೋಯಿತು? ಯಾವ ಹಲ್ಲು ಅಲ್ಲಾಡುತ್ತಿದೆ? ಮನೆಯಲ್ಲಿ ಯಾರು ಯಾರನ್ನು ನಗಿಸಿದರು? ಹೊಸದಾಗಿ ಏನು ಬಂತು? ಕಳೆದುಹೋದ ರಬ್ಬರಿನ ಬಗ್ಗೆ ಮೂರನೇ ತರಗತಿಯ ಮಗು ಸೊಗಸಾದ ಪತ್ರ ಬರೆಯಬಲ್ಲದು. ಪ್ರವಾಸದ ಬಗ್ಗೆ ಬರೆದರೆ ಹೆಚ್ಚಾಗಿ ನೋಡಿದ ಜಾಗಗಳ ಪಟ್ಟಿಯಷ್ಟೇ ಬರುತ್ತದೆ.

ಪಟ್ಟಿಯಾಗುವುದು ಈ ಪಾಠದಲ್ಲಿ ತೀರಾ ಸಾಮಾನ್ಯ. ‘ಬೆಳಿಗ್ಗೆ ಎದ್ದೆವು. ಆಮೇಲೆ ಬಸ್ ಹತ್ತಿದೆವು. ಆಮೇಲೆ ಇಳಿದೆವು. ಆಮೇಲೆ ಊಟ ಮಾಡಿದೆವು.’ ಹೀಗೆ ಮೂರು ‘ಆಮೇಲೆ’ಗಳು ಕಂಡರೆ ಆ ಮಗು ಇಡೀ ದಿನವನ್ನು ಬರೆಯಲು ಹೊರಟಿದೆ ಎಂದು ತಿಳಿಯಿರಿ. ‘ಇದರಲ್ಲಿ ಗೆಳೆಯನಿಗೆ ಹೇಳಲೇಬೇಕಾದದ್ದು ಯಾವುದು?’ ಎಂದು ಕೇಳಿ, ಆ ಒಂದರ ಕೆಳಗೆ ಗೆರೆ ಎಳೆಸಿ, ಹೊಸ ಪತ್ರ ಅಲ್ಲಿಂದಲೇ ಶುರುವಾಗಲಿ.

‘ನಾನು ಇಲ್ಲಿ ಕ್ಷೇಮ, ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆಸಬಾರದೇ?

ಬರೆಸಬಹುದು, ತಪ್ಪೇನೂ ಇಲ್ಲ. ತಲೆಮಾರುಗಳಿಂದ ಬಂದ ಸೊಗಸಾದ ಆರಂಭ ಅದು. ನನ್ನ ತಕರಾರು ಅದು ಇರುವ ಜಾಗದ ಬಗ್ಗೆ. ಆರು ವಾಕ್ಯದ ಪತ್ರದಲ್ಲಿ ಮೊದಲೆರಡು ವಾಕ್ಯಗಳು ಬಾಯಿಪಾಠದಿಂದ ಬಂದರೆ, ಕೊನೆಯಲ್ಲಿ ‘ನಿನ್ನ ತಂದೆ ತಾಯಿಗೆ ನನ್ನ ನಮಸ್ಕಾರಗಳನ್ನು ತಿಳಿಸು, ಕೂಡಲೇ ಉತ್ತರ ಬರೆ’ ಎಂಬ ಇನ್ನೆರಡು ಸೇರಿಕೊಂಡರೆ, ಮಗುವಿನ ಪಾಲಿಗೆ ಉಳಿಯುವುದು ಎರಡೇ ವಾಕ್ಯ. ಮೂವತ್ತು ಮಕ್ಕಳ ಪತ್ರ ಪಕ್ಕಪಕ್ಕ ಇಟ್ಟು ನೋಡಿದರೆ ಮೂವತ್ತೂ ಒಂದೇ ಪತ್ರ.

ಮೊದಲ ಪತ್ರದಲ್ಲಿ ನೇರವಾಗಿ ಸುದ್ದಿಗೆ ಬರಲಿ. ಎರಡನೆಯ ಅಥವಾ ಮೂರನೆಯ ಪತ್ರದಲ್ಲಿ, ಸುದ್ದಿ ಹೇಳುವುದು ಅಭ್ಯಾಸವಾದ ಮೇಲೆ, ಕ್ಷೇಮದ ಸಾಲನ್ನು ಸೇರಿಸಿ. ಆಗ ಅದು ಮಗುವಿನ ಮಾತನ್ನು ನುಂಗುವುದಿಲ್ಲ. ಕೆಲವು ಮಕ್ಕಳು ಅದನ್ನು ತಾವೇ ಬದಲಾಯಿಸಿಕೊಳ್ಳುತ್ತಾರೆ: ‘ನಿನ್ನ ಕೆಮ್ಮು ಹೋಯಿತೇ?’ ಕ್ಷೇಮ ವಿಚಾರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಲು ನನಗಂತೂ ಗೊತ್ತಿಲ್ಲ.

ಪ್ರಶ್ನೆಯ ಸಾಲು ಏಕೆ? ಸುದ್ದಿ ಹೇಳಿದರೆ ಪತ್ರ ಮುಗಿಯಿತಲ್ಲ?

ಸುದ್ದಿ ಮಾತ್ರ ಇದ್ದರೆ ಅದು ದಿನಚರಿಯ ಪುಟವೂ ಆಗಬಹುದು. ಪ್ರಶ್ನೆ ಬಂದಾಗ ಎದುರಿಗೊಬ್ಬರು ಇದ್ದಾರೆ ಎಂಬುದು ಮಗುವಿಗೆ ಅರಿವಾಗುತ್ತದೆ, ಉತ್ತರ ಬರೆಯುವವರಿಗೂ ಒಂದು ಹಿಡಿ ಸಿಗುತ್ತದೆ.

ಮಕ್ಕಳು ಮೊದಲು ಬರೆಯುವುದು ‘ನೀನು ಚೆನ್ನಾಗಿದ್ದೀಯಾ?’ ಎಂಬಂಥ, ಹೌದು ಅಥವಾ ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆ. ಅದಕ್ಕೆ ಬರುವ ಉತ್ತರವೂ ‘ಹೌದು, ಚೆನ್ನಾಗಿದ್ದೇನೆ’ ಎಂದಷ್ಟೇ ಇರುತ್ತದೆ. ಏನು, ಯಾರು, ಎಲ್ಲಿ, ಹೇಗೆ, ಯಾಕೆ ಎಂಬ ಪದಗಳನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ. ಅವುಗಳಲ್ಲಿ ಒಂದಾದರೂ ಪ್ರಶ್ನೆಯಲ್ಲಿರಲಿ, ಮತ್ತು ಆ ಪ್ರಶ್ನೆ ತನ್ನ ಸುದ್ದಿಗೆ ಅಂಟಿಕೊಂಡಿರಲಿ. ಸೈಕಲ್ ಕಲಿತ ಸುದ್ದಿ ಬರೆದವನು ‘ನೀನು ಸೈಕಲ್ ಕಲಿಯುವಾಗ ಯಾರು ಹಿಡಿದುಕೊಂಡಿದ್ದರು?’ ಎಂದು ಕೇಳಿದರೆ ಎರಡು ಭಾಗಗಳು ಕೂಡಿ ಒಂದು ಪತ್ರವಾಗುತ್ತದೆ.

ಒಂದು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿ ತೋರಿಸುತ್ತೀರಾ?

ಈ ವಯಸ್ಸಿನವರ ಮೊದಲ ಕರಡು ಸಾಮಾನ್ಯವಾಗಿ ಹೇಗಿರುತ್ತದೋ ಹಾಗೆಯೇ ಒಂದನ್ನು ತೆಗೆದುಕೊಳ್ಳೋಣ. ಹುಡುಗಿಯೊಬ್ಬಳು ಗೆಳತಿಗೆ ಬರೆದ ಪತ್ರ ಎಂದಿಟ್ಟುಕೊಳ್ಳಿ:

> ಪ್ರಿತಿಯ ಸುಮಾ
> ನಿನಗೆ ಒಂದು ಸುದ್ದಿ ಹೇಳಬೇಕು. ನಮ್ಮ ಮನೆ ಬೆಕ್ಕು ಮರಿ ಹಾಕಿದೆ. ತುಂಬಾ ಚೆನ್ನಾಗಿದೆ. ನಾನು ಅಕ್ಕ ನೋಡಿದೆ. ನನಗೆ ತುಂಬಾ ಖುಷಿ ಆಯಿತು.
> ನೀನು ಚೆನ್ನಾಗಿದ್ದೀಯಾ

ಕೆಂಪು ಪೆನ್ನು ಹಿಡಿದ ಕೈಗೆ ಮೊದಲು ಕಾಣುವುದು ‘ಪ್ರಿತಿಯ’. ಅದನ್ನು ಸದ್ಯಕ್ಕೆ ಬಿಡಿ. ಈ ಪತ್ರದಲ್ಲಿ ಬೆಕ್ಕು ಇನ್ನೂ ಕಾಣುತ್ತಿಲ್ಲ ಎಂಬುದು ದೊಡ್ಡ ವಿಷಯ. ‘ಚೆನ್ನಾಗಿದೆ’, ‘ಖುಷಿ ಆಯಿತು’ ಎಂಬ ಎರಡು ವಾಕ್ಯಗಳು ಹುಡುಗಿ ಕಂಡದ್ದರ ಮೇಲೆ ಮುಚ್ಚಿದ ಮುಚ್ಚಳಗಳು. ಅವನ್ನು ತೆಗೆಸಬೇಕು.

ಪಕ್ಕದಲ್ಲಿ ಕೂತು ಕೇಳುವುದು. ಎಷ್ಟು ಮರಿ? ಮೂರು. ಎಲ್ಲಿವೆ? ಹಳೇ ಬಟ್ಟೆಯ ಬುಟ್ಟಿಯಲ್ಲಿ. ನೀವು ಹತ್ತಿರ ಹೋದಾಗ ಏನಾಯಿತು? ತಾಯಿ ಬೆಕ್ಕು ಗುರ್ ಅಂತು. ಮರಿಗಳು ಏನು ಮಾಡುತ್ತಿದ್ದವು? ಕಣ್ಣೇ ಬಿಟ್ಟಿಲ್ಲ. ಒಂದು ಮಾತ್ರ ಪೂರ್ತಿ ಕಪ್ಪು. ಇಷ್ಟು ಹೇಳಲು ಒಂದು ನಿಮಿಷ ಸಾಕು. ಕೇಳಿದವರು ಏನನ್ನೂ ಬರೆದುಕೊಡಬೇಕಾಗಿಲ್ಲ. ‘ಈಗ ನನಗೆ ಹೇಳಿದೆಯಲ್ಲ, ಅದನ್ನೇ ಸುಮಾಗೂ ಹೇಳು’ ಎಂದು ಎದ್ದುಹೋದರೆ ಆಯಿತು.

ಎರಡನೆಯ ಕರಡು ಹೀಗೆ ಬರಬಹುದು:

> ಪ್ರಿತಿಯ ಸುಮಾ
> ನಿನಗೆ ಒಂದು ಸುದ್ದಿ ಹೇಳಬೇಕು. ನಮ್ಮ ಬೆಕ್ಕು ಮೂರು ಮರಿ ಹಾಕಿದೆ. ಹಳೆ ಬಟ್ಟೆ ಬುಟ್ಟಿಯಲ್ಲಿ ಮಲಗಿವೆ. ಇನ್ನೂ ಕಣ್ಣು ಬಿಟ್ಟಿಲ್ಲ. ನಾನು ಅಕ್ಕ ಹತ್ತಿರ ಹೋದೆ. ತಾಯಿ ಬೆಕ್ಕು ಗುರ್ ಅಂತು. ಒಂದು ಮರಿ ಪೂರ್ತಿ ಕಪ್ಪು.
> ನೀನು ಅದಕ್ಕೆ ಏನು ಹೆಸರು ಇಡುತ್ತೀಯ

ಖುಷಿಯಾಯಿತು ಎಂಬ ಮಾತು ಎಲ್ಲೂ ಇಲ್ಲ, ಆದರೂ ಖುಷಿ ಇದೆ. ಪ್ರಶ್ನೆಯೂ ಬೆಕ್ಕಿನ ಮರಿಯನ್ನೇ ಹಿಡಿದುಕೊಂಡು ಬಂದಿದೆ. ಈಗ, ಎಂದರೆ ಈಗ ಮಾತ್ರ, ಭಾಷೆಗೆ ಕೈ ಹಾಕಬಹುದು. ‘ನಾನು ಅಕ್ಕ ಹತ್ತಿರ ಹೋದೆ’ ಎಂಬುದನ್ನು ಗಟ್ಟಿಯಾಗಿ ಓದಿಸಿ. ಅರ್ಧದಷ್ಟು ಮಕ್ಕಳು ಓದುವಾಗಲೇ ‘ಹೋದೆವು’ ಎನ್ನುತ್ತಾರೆ. ‘ನಾನೂ ಅಕ್ಕನೂ ಹತ್ತಿರ ಹೋದೆವು’ ಎಂದು ಸರಿಯಾಗುತ್ತದೆ. ಪ್ರೀತಿಯ ದೀರ್ಘ, ಸುಮಾ ಎಂಬ ಹೆಸರಿನ ಮುಂದೆ ಅಲ್ಪವಿರಾಮ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ‘ಗುರ್ ಅಂತು’ ಆಡುಮಾತು, ಗ್ರಂಥಭಾಷೆಯಲ್ಲ. ಗೆಳತಿಗೆ ಬರೆದ ಪತ್ರದಲ್ಲಿ ಅದು ಇರಲಿ ಬಿಡಿ.

ಹಾಗಾದರೆ ಕಾಗುಣಿತದ ತಪ್ಪುಗಳನ್ನು ತಿದ್ದಲೇಬಾರದೇ?

ತಿದ್ದಬೇಕು, ಎರಡನೆಯ ಅವಧಿಯಲ್ಲಿ, ಮತ್ತು ಎಲ್ಲವನ್ನೂ ಅಲ್ಲ. ಮೊದಲ ಕರಡಿನ ಮೇಲೆ ಹತ್ತು ಕೆಂಪು ಗುರುತು ಬಿದ್ದರೆ ಮುಂದಿನ ಸಲ ಮಗು ತನಗೆ ಬರುವ ಪದಗಳನ್ನಷ್ಟೇ ಬಳಸುತ್ತದೆ. ‘ಗುರ್ ಅಂತು’ ಹೋಗಿ ‘ಚೆನ್ನಾಗಿದೆ’ ಮತ್ತೆ ಬರುತ್ತದೆ.

ಒಂದು ಪತ್ರದಲ್ಲಿ ಎರಡು ಬಗೆಯ ತಪ್ಪುಗಳನ್ನು ಆರಿಸಿಕೊಳ್ಳಿ. ಪತ್ರದ ರೂಢಿಗೆ ಸಂಬಂಧಿಸಿದ್ದು ಒಂದು, ಏಕೆಂದರೆ ಪ್ರೀತಿಯ, ಇಂತಿ, ಗೆಳತಿ ಎಂಬ ಪದಗಳು ಪ್ರತಿ ಪತ್ರದಲ್ಲೂ ಬರುತ್ತವೆ, ಒಮ್ಮೆ ಸರಿಯಾದರೆ ಸದಾ ಸರಿ. ಇನ್ನೊಂದು ಅದೇ ಮಗು ಮತ್ತೆ ಮತ್ತೆ ಮಾಡುವ ತಪ್ಪು. ಹ್ರಸ್ವ ದೀರ್ಘ ತಪ್ಪುವ ಮಗುವಿಗೆ ಪದವನ್ನು ಎಳೆದು ಹೇಳಿಸಿದರೆ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ. ಒತ್ತಕ್ಷರ ಬಿಡುವ ಮಗು ‘ಅಕ್ಕ’ವನ್ನು ‘ಅಕ’ ಎಂದು ಬರೆದಿದ್ದರೆ ತಾನು ಬರೆದದ್ದನ್ನೇ ಅದು ಓದಲಿ. ಮಹಾಪ್ರಾಣ ಬೇರೆ ವಿಷಯ. ‘ಭಯ’ವನ್ನು ‘ಬಯ’ ಎಂದು ಬರೆಯುವ ಮಗುವಿನ ಸುತ್ತಲಿನ ಮಾತಿನಲ್ಲಿ ಆ ಉಸಿರೇ ಇಲ್ಲದಿರಬಹುದು, ಆಗ ಎಳೆದು ಹೇಳಿಸಿದರೆ ಪ್ರಯೋಜನವಿಲ್ಲ. ಪದವನ್ನು ಕಣ್ಣಿಗೆ ತೋರಿಸಿ, ಗೋಡೆಯ ಪದಪಟ್ಟಿಗೆ ಸೇರಿಸಿ, ಅಷ್ಟಕ್ಕೆ ಬಿಡಿ.

ಗೆಳೆಯನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ?

ನೀನು. ಸಮವಯಸ್ಕ ಗೆಳೆಯನಿಗೆ ‘ನೀವು’ ಎಂದರೆ ಅವನೇ ನಗುತ್ತಾನೆ. ಆದರೂ ಪತ್ರ ಎಂದ ಕೂಡಲೇ ಕೆಲವು ಮಕ್ಕಳು ಬೆನ್ನು ನೆಟ್ಟಗೆ ಮಾಡಿಕೊಂಡು ‘ನೀವು’ ಎಂದು ಶುರು ಮಾಡಿ ನಡುವೆ ‘ನೀನು’ವಿಗೆ ಇಳಿಯುತ್ತಾರೆ. ಚೌಕಟ್ಟಿನಲ್ಲೇ ‘ನಿನಗೆ’, ‘ನೀನು’, ‘ನಿನ್ನ’ ಎಂದು ಮೂರು ಕಡೆ ಇರುವುದು ಇದಕ್ಕಾಗಿಯೇ. ಮುಂದೊಂದು ದಿನ ಇದೇ ಸುದ್ದಿಯನ್ನು ಅಜ್ಜಿಗೆ ಬರೆಯಿರಿ ಎಂದು ಹೇಳಿದರೆ ಆ ಮೂರೂ ಜಾಗಗಳು ಬದಲಾಗುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಹಲಗೆಯ ಮೇಲಿನ ಪತ್ರವನ್ನೇ ಎಲ್ಲರೂ ನಕಲು ಮಾಡುತ್ತಾರೆ. ಏನು ಮಾಡುವುದು?

ಅಳಿಸಿಬಿಡಿ. ಎಲ್ಲರೂ ಸೇರಿ ಕಟ್ಟಿದ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿ, ಸುದ್ದಿಯ ಭಾಗವನ್ನು ಎಲ್ಲರೆದುರೇ ಅಳಿಸಿ. ಪ್ರೀತಿಯ, ಇಂತಿ ಮುಂತಾದ ಹೊರಭಾಗ ಹಾಗೆಯೇ ಇರಲಿ. ಕೆಲವರು ‘ಅಯ್ಯೋ’ ಎನ್ನುತ್ತಾರೆ, ಎನ್ನಲಿ.

ಒಂದೆರಡು ಮಕ್ಕಳು ನೆನಪಿನಿಂದಲೇ ನಾಯಿಮರಿಯನ್ನು ತಮ್ಮ ಪತ್ರಕ್ಕೂ ತಂದಿರುತ್ತಾರೆ. ಅವರ ಪತ್ರವನ್ನು ಹರಿಯಬೇಡಿ. ‘ನಿನ್ನ ನಾಯಿಮರಿಯ ಹೆಸರೇನು?’ ಎಂದು ಕೇಳಿ. ನಾಯಿಮರಿ ಇಲ್ಲದ ಮಗು ತಾನಾಗಿಯೇ ಬೇರೆ ಸುದ್ದಿ ಹುಡುಕುತ್ತದೆ.

ಬರೆಯಲು ತೀರಾ ಕಷ್ಟಪಡುವ ಮಕ್ಕಳೂ ಬೇಗ ಮುಗಿಸುವ ಮಕ್ಕಳೂ ಒಂದೇ ತರಗತಿಯಲ್ಲಿದ್ದಾರೆ.

ಚೌಕಟ್ಟು ಒಂದೇ ಇರಲಿ, ಸುದ್ದಿಯ ಸಾಲುಗಳು ಕಡಿಮೆ ಹೆಚ್ಚಾಗಲಿ. ಕಷ್ಟಪಡುವ ಮಗುವಿಗೆ ಎರಡು ಸಾಲು ಸಾಕು, ಪಕ್ಕದಲ್ಲೊಂದು ಚಿತ್ರದ ಜಾಗ. ಮೊದಲು ಚಿತ್ರ ಬರೆಯಲಿ. ಚಿತ್ರದಲ್ಲಿರುವುದನ್ನು ತೋರಿಸಿ ಹೇಳಲಿ. ಅದು ಹೇಳಿದ ಒಂದು ವಾಕ್ಯವನ್ನು ನೀವು ಅದೇ ಪದಗಳಲ್ಲಿ ಬೇರೆ ಚೀಟಿಯ ಮೇಲೆ ಬರೆದುಕೊಡಿ, ನೋಡಿ ಬರೆಯಲಿ. ಎರಡನೆಯ ವಾಕ್ಯ ಅದರದೇ ಕೈಯಿಂದ ಬರಲಿ, ತಪ್ಪಾದರೂ ಸರಿ. ‘ಅದೇ ಪದಗಳಲ್ಲಿ’ ಎಂಬುದನ್ನು ಮರೆಯಬಾರದು. ಮಗು ಹೇಳಿದ್ದನ್ನು ನಾವು ಚಂದ ಮಾಡಿ ಬರೆದುಕೊಟ್ಟರೆ ಅದು ತನ್ನ ವಾಕ್ಯವನ್ನೇ ಓದಲಾರದೆ ಕೂರುತ್ತದೆ.

ಬೇಗ ಮುಗಿಸಿದವರಿಗೆ ಇನ್ನೊಂದು ಪತ್ರ ಕೊಡುವುದಕ್ಕಿಂತ ಇದೇ ಪತ್ರಕ್ಕೆ ಗೆಳೆಯ ಏನು ಉತ್ತರ ಬರೆಯಬಹುದು ಎಂದು ಊಹಿಸಿ ಬರೆಯಲು ಹೇಳಿ. ತನ್ನ ಪ್ರಶ್ನೆ ಎಷ್ಟು ಒಳ್ಳೆಯದಾಗಿತ್ತು ಎಂಬುದು ಅಲ್ಲಿ ಅವರಿಗೇ ಗೊತ್ತಾಗುತ್ತದೆ.

ಪತ್ರವನ್ನು ನಿಜವಾಗಿಯೂ ಕಳುಹಿಸಬೇಕೇ?

ಕಳುಹಿಸಬೇಕು, ಅಂಚೆಯಲ್ಲೇ ಆಗಬೇಕೆಂದಿಲ್ಲ. ನೋಟ್‌ಬುಕ್ಕಿನಲ್ಲೇ ಉಳಿಯುವ ಪತ್ರ ಶಿಕ್ಷಕರಿಗೆ ಬರೆದದ್ದು, ಮೇಲೆ ಯಾರ ಹೆಸರಿದ್ದರೂ. ಪಕ್ಕದ ವಿಭಾಗದ ಮಕ್ಕಳಿಗೆ, ರಟ್ಟಿನ ಪೆಟ್ಟಿಗೆಯಿಂದ ಮಾಡಿದ ಅಂಚೆ ಡಬ್ಬಿಯ ಮೂಲಕ ಕಳುಹಿಸಬಹುದು. ಯಾರಿಗೆ ಯಾರು ಎಂಬುದನ್ನು ನೀವೇ ಗೊತ್ತುಮಾಡಿ. ಮಕ್ಕಳಿಗೇ ಬಿಟ್ಟರೆ ಒಬ್ಬನಿಗೆ ಏಳು ಪತ್ರ ಬರುತ್ತದೆ, ಮೂಲೆಯಲ್ಲಿ ಕೂರುವವನಿಗೆ ಒಂದೂ ಬರುವುದಿಲ್ಲ. ಗೈರುಹಾಜರಾದವರ ಪಾಲಿನ ಪತ್ರಕ್ಕೆ ನೀವೇ ಉತ್ತರ ಬರೆಯಲು ಸಿದ್ಧವಾಗಿರಿ.

ಚೌಕಟ್ಟನ್ನು ಯಾವಾಗ ತೆಗೆಯಬೇಕು?

ಒಮ್ಮೆಲೇ ತೆಗೆಯಬೇಡಿ, ಒಂದೊಂದೇ ಭಾಗ ಕಳಚಿ. ಎರಡನೆಯ ಪತ್ರದಲ್ಲಿ ‘ನಿನಗೆ ಒಂದು ಸುದ್ದಿ ಹೇಳಬೇಕು’ ಎಂಬುದನ್ನು ತೆಗೆಯಿರಿ, ಸಾಲುಗಳಷ್ಟೇ ಇರಲಿ. ಹಾಗೆ ಮಾಡದಿದ್ದರೆ ಐದನೇ ತರಗತಿಯಲ್ಲೂ ಪ್ರತಿ ಪತ್ರ ಅದೇ ಮಾತಿನಿಂದ ಶುರುವಾಗುತ್ತದೆ. ಮೂರನೆಯದರಲ್ಲಿ ‘ನೀನು’ ಎಂಬ ಪ್ರಶ್ನೆಯ ತಲೆಯನ್ನು ತೆಗೆಯಿರಿ. ಕೊನೆಗೆ ಹೊರಭಾಗ. ಆ ಹೊತ್ತಿಗೆ ಅದು ಕೈಗೆ ಕೂತಿರುತ್ತದೆ.

ತೆಗೆದದ್ದು ಬೇಗವಾಯಿತೇ ಎಂದು ತಿಳಿಯುವುದು ಸುಲಭ. ಪ್ರಶ್ನೆಯ ತಲೆ ತೆಗೆದ ಪತ್ರಗಳಲ್ಲಿ ಹೆಚ್ಚಿನವರು ಪ್ರಶ್ನೆಯನ್ನೇ ಮರೆತಿದ್ದರೆ ಮುಂದಿನ ಪತ್ರಕ್ಕೆ ಅದನ್ನು ಮರಳಿ ಸೇರಿಸಿ. ನಾಲ್ಕೈದು ಮಕ್ಕಳು ಮಾತ್ರ ಮರೆತಿದ್ದರೆ ಅವರಿಗಷ್ಟೇ ಹಳೆಯ ಹಾಳೆ ಕೊಡಿ.

ಅಂಕ ಹೇಗೆ ಕೊಡುವುದು?

ಕೊಡಲೇಬೇಕಿದ್ದರೆ ನಾಲ್ಕು ವಿಷಯ ನೋಡಿ: ಯಾರಿಗೆ ಯಾರು ಬರೆದರು ಎಂಬುದು ಸ್ಪಷ್ಟವಿದೆಯೇ, ಸುದ್ದಿ ಒಂದೇ ಇದೆಯೇ, ಆ ಸುದ್ದಿಯಲ್ಲಿ ಕಣ್ಣಿಗೆ ಕಾಣುವ ಒಂದಾದರೂ ವಿವರ ಇದೆಯೇ, ಪ್ರಶ್ನೆ ಇದೆಯೇ. ಕೈಬರಹದ ಅಂದಕ್ಕೆ ಬೇರೆ ದಿನ ಅಂಕ ಕೊಡಿ.

ಮನೆಯಲ್ಲಿ ಪೋಷಕರು ಎಷ್ಟು ಸಹಾಯ ಮಾಡಬಹುದು?

ಕೇಳುವಷ್ಟು. ಮಗು ಬರೆದದ್ದನ್ನು ಅದರ ಬಾಯಿಂದಲೇ ಓದಿಸಿಕೊಂಡು, ನಿಮಗೆ ನಿಜವಾಗಿ ತಿಳಿಯದ ಒಂದು ವಿಷಯವನ್ನು ಕೇಳಿ. ವಾಕ್ಯಗಳನ್ನು ಹೇಳಿ ಬರೆಸಬೇಡಿ. ಮನೆಯಿಂದ ಬಂದ ಪತ್ರದಲ್ಲಿ ‘ರಮಣೀಯ’, ‘ಅವಿಸ್ಮರಣೀಯ’ ಎಂಬ ಪದಗಳು ಕಂಡರೆ ಬರೆದವರು ಯಾರೆಂದು ಎಲ್ಲ ಶಿಕ್ಷಕರಿಗೂ ಗೊತ್ತಾಗುತ್ತದೆ. ಮಗು ಪದವೊಂದನ್ನು ಹೇಗೆ ಬರೆಯುವುದು ಎಂದು ಕೇಳಿದರೆ ಮಾತ್ರ ಚೀಟಿಯಲ್ಲಿ ಬರೆದು ತೋರಿಸಿ. ಕೇಳದಿದ್ದರೆ ತಪ್ಪು ಕಂಡರೂ ಹಾಗೆಯೇ ಶಾಲೆಗೆ ಬರಲಿ, ಎರಡನೆಯ ಅವಧಿಯಲ್ಲಿ ನೋಡಿಕೊಳ್ಳುತ್ತೇವೆ.